ಬಾಟಲಿ ಮೇಲಿನ ದರ, ಕೈಗೆ ಬರುವ ದುಡ್ಡು

ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ ಲೇಡೀಸ್ ಸ್ಟೋರ್ ನಡೆಸುವ ಹೆಣ್ಣುಮಗಳೊಬ್ಬಳು ತನ್ನದೇ ಹೆಸರಿನಲ್ಲಿ ತಲೆಗೆಣ್ಣೆ ತರಬೇಕೆಂದಿದ್ದಾಳೆ. ಎಣ್ಣೆಯನ್ನು ಬೇರೆಯವರ ಫ್ಯಾಕ್ಟರಿ ತಯಾರಿಸಿ ತುಂಬಿಕೊಡುತ್ತದೆ, ಹೆಸರು ಮಾತ್ರ ಇವಳದು. ಸಿಂಧನೂರಿನಲ್ಲಿ ಸೋಪು, ಪೇಸ್ಟು, ಎಣ್ಣೆಗಳ ಏಜೆನ್ಸಿ ನಡೆಸಿದ ಕಾಕಾನ ಎದುರು ಫ್ಯಾಕ್ಟರಿಯ ದರಪಟ್ಟಿ ಇಟ್ಟುಕೊಂಡು ಕೂತಿದ್ದಾಳೆ. ಇಲ್ಲಿಯ ಅಂಕಿಗಳು ಆ ಒಂದು ದರಪಟ್ಟಿಯವು. ಬೇರೆಯವರಿಗೆ ಅಂಕಿ ಬದಲಾದರೂ ಲೆಕ್ಕದ ದಾರಿ ಇದೇ.

ಮಗಳು: ಕಾಕಾ, ಹೈದರಾಬಾದ್ ಕಡೆಯ ಫ್ಯಾಕ್ಟರಿಯವರು ದರ ಕಳಿಸ್ಯಾರ. 100 ಎಂ.ಎಲ್. ಬಾಟ್ಲಿಗೆ 42 ರೂಪಾಯಿ. ಕಡಿಮಿ ಅಂದ್ರ ಸಾವಿರ ಬಾಟ್ಲಿ ತಗೋಬೇಕಂತ. ನಾನು 120 ರೂಪಾಯಿ ಎಂಆರ್‌ಪಿ ಹಾಕಬೇಕಂತ ಮಾಡೀನಿ. ಬಾಟ್ಲಿಗೆ 78 ರೂಪಾಯಿ ಉಳೀತದ.

ಕಾಕಾ: ಆ 78ರಾಗ ಎಷ್ಟು ಮಂದಿ ಪಾಲು ಅದ ಅಂತ ಮೊದಲು ನೋಡೋಣವ್ವ. ನೀ ಕೆಳಗಿಂದ ಮ್ಯಾಲ ಹೊಂಟೀ. 42ರಿಂದ ಶುರು ಮಾಡಿ 120ಕ್ಕ ಹೋದಿ. ಈ ಲೆಕ್ಕ ಮ್ಯಾಲಿಂದ ಕೆಳಗ ಇಳೀಬೇಕು. ಗಿರಾಕಿ ಎಷ್ಟು ಕೊಡ್ತಾಳ ಅನ್ನೋದರಿಂದ ಶುರು ಮಾಡಿ, ಫ್ಯಾಕ್ಟರಿಗೆ ನಾವು ಎಷ್ಟು ಕೊಡಬಹುದು ಅನ್ನೋದಕ್ಕ ಬಂದು ನಿಲ್ಲಬೇಕು. ನಿನ್ನ ಅಂಗಡಿ ಬಿಟ್ಟು ಬೇರೆ ಅಂಗಡಿಗೆ ಎಣ್ಣಿ ಕೊಡ್ತೀಯೋ ಇಲ್ಲೋ?

ಮಗಳು: ಕೊಡಬೇಕಲ್ಲ. ಮಸ್ಕಿ, ಕವಿತಾಳ, ಲಿಂಗಸುಗೂರು ಅಂಗಡಿಗೆಲ್ಲ ಹೋಗಬೇಕಂತ ಅದ. ನಮ್ಮ ಊರೊಂದರಾಗ ಸಾವಿರ ಬಾಟ್ಲಿ ಯಾವಾಗ ಖರ್ಚಾಗಬೇಕು?

ಕಾಕಾ: ಹಂಗಾದ್ರ 120 ಅಂತ ಬರಿ. ಅಂಗಡಿಯವನು ಮೊದಲು ಕೇಳೋದು, ನನಗ ಎಷ್ಟು ಬಿಡ್ತೀರಿ ಅಂತ. ಹೆಸರಾದ ಕಂಪನಿ ಎಣ್ಣಿಯೊಳಗ ಅವನಿಗೆ ಕಡಿಮಿ ಉಳೀತದ, ಆದ್ರೂ ಇಡ್ತಾನ. ಯಾಕಂದ್ರ ಗಿರಾಕಿ ಆ ಹೆಸರು ಹಿಡಿದೇ ಕೇಳ್ತಾರ. ನಿನ್ನ ಎಣ್ಣಿ ಯಾರೂ ಕೇಳೋದಿಲ್ಲ, ಅವನೇ ಕೈಗೆತ್ತಿ ತೋರಿಸಬೇಕು. ಆ ತೋರಿಸೋದಕ್ಕ ಅವನು 25 ಪರ್ಸೆಂಟ್ ಕೇಳಿದ್ರ ನನಗ ಅದು ಜಾಸ್ತಿ ಅನಿಸೋದಿಲ್ಲ.

ಮಗಳು: 25 ಪರ್ಸೆಂಟ್ ಅಂದ್ರ 96 ರೂಪಾಯಿಗೆ ಕೊಟ್ರ ಆತು. 96ರ ಮ್ಯಾಲ 25 ಪರ್ಸೆಂಟ್ 24, ಕೂಡಿದ್ರ 120.

ಕಾಕಾ: ಅಲ್ಲೇ ಜಗಳ ಬರೋದು. ನೀ ಖರೀದಿ ಮ್ಯಾಲ 25 ಹಾಕಿದಿ. ಅಂಗಡಿಯವನು ಹೇಳೋದು ಎಂಆರ್‌ಪಿ ಮ್ಯಾಲಿನ 25. 120ರಾಗ 30 ತೆಗೀ, 90ಕ್ಕ ಬರ್ತದ. ಅದೇ 25 ಅನ್ನೋ ಮಾತಿನೊಳಗ ಬಾಟ್ಲಿಗೆ 6 ರೂಪಾಯಿ ಫರಕು. ಸಾವಿರ ಬಾಟ್ಲಿಗೆ 6 ಸಾವಿರ. ಅದಕ್ಕ ಯಾರ ಹತ್ತಿರ ಮಾತಾಡಿದ್ರೂ ಪರ್ಸೆಂಟ್ ಹೇಳಬೇಡ, ಇಷ್ಟು ರೂಪಾಯಿಗೆ ಬಿಲ್ ಹಾಕ್ತೀನಿ ಅಂತ ಹೇಳು.

ಮಗಳು: ಸರಿ, 90.

ಕಾಕಾ: ಇನ್ನ ಏಜೆನ್ಸಿ. ಅವನಿಗೆ ಖರೀದಿ ಮ್ಯಾಲ 10 ಪರ್ಸೆಂಟ್ ಇಡು. ಅವನು 82ಕ್ಕ ತಗೊಂಡು 90ಕ್ಕ ಮಾರ್ತಾನ.

ಮಗಳು: ಶುರುವಿಗೆ ನಾನೇ ಸ್ಕೂಟಿ ಮ್ಯಾಲ ಅಂಗಡಿಗೆ ಹಾಕಿ ಬರ್ತೀನಿ. ಏಜೆನ್ಸಿ ಯಾಕ ಬೇಕು?

ಕಾಕಾ: ನೀನೇ ಹೋಗು, ಛಲೋ. ಆದ್ರ ಆ 8 ರೂಪಾಯಿ ಲೆಕ್ಕದೊಳಗ ಇರಲಿ. ಈಗ ಅದು ನಿನ್ನ ಪೆಟ್ರೋಲು, ನಿನ್ನ ದಿನದ ಕೂಲಿ. ಲೆಕ್ಕದಾಗಿಂದ ತೆಗೆದು ಎಂಆರ್‌ಪಿ ಕಡಿಮಿ ಮಾಡಿದಿ ಅಂದ್ರ, ಮುಂದ ಸಿಂಧನೂರಿನ ಏಜೆನ್ಸಿಯವನೊಬ್ಬ ಮಾಲು ತಗೋತೀನಿ ಅಂದಾಗ ಅವನಿಗೆ ಕೊಡಾಕ ಜಾಗ ಇರೋದಿಲ್ಲ. ಎಂಆರ್‌ಪಿ ಮ್ಯಾಲ ಏರಿಸೋಣ ಅಂದ್ರ ಗಿರಾಕಿಗೆ ಹಳೇ ದರ ರೂಢಿ ಆಗಿರ್ತದ.

ಮಗಳು: 82 ಆತು. ಇದರಾಗ ಜಿಎಸ್‌ಟಿ ತೆಗೀಬೇಕಲ್ಲ?

ಕಾಕಾ: ತೆಗೀಬೇಕು. ಎಂಆರ್‌ಪಿ ಅಂದ್ರ ಎಲ್ಲ ತೆರಿಗಿ ಸೇರಿದ ದರ. 2025ರ ಸೆಪ್ಟೆಂಬರ್ 22ರಿಂದ ತಲಿಗೆಣ್ಣಿ ಮ್ಯಾಲಿನ ಜಿಎಸ್‌ಟಿ 18ರಿಂದ 5ಕ್ಕ ಇಳಿದದ. 82ನ್ನ 1.05ರಿಂದ ಭಾಗಿಸು, 78 ಬರ್ತದ. 82ರ 5 ಪರ್ಸೆಂಟ್ ತೆಗೀಬೇಡ, ಅದು ತಪ್ಪು. ಇಲ್ಲಿ ಫರಕು ಪೈಸಾದಾಗ ಅದ, ಆದ್ರ 18 ಇದ್ದಾಗ ಇದೇ ತಪ್ಪು ಬಾಟ್ಲಿಗೆ ಎರಡು ರೂಪಾಯಿ ಮ್ಯಾಲ ಆಗ್ತಿತ್ತು.

ಮಗಳು: 13 ಪರ್ಸೆಂಟ್ ಇಳೀತಲ್ಲ ಕಾಕಾ, ಅದು ನಮಗ ಉಳಿದಂಗ ಆತಲ್ಲ?

ಕಾಕಾ: ಉಳೀಲಿಲ್ಲ. ತೆರಿಗಿ ಇಳಿದಾಗ ದೊಡ್ಡ ಕಂಪನಿಯವರೂ ಎಂಆರ್‌ಪಿ ಇಳಿಸಿದ್ರು. ನಿನ್ನ ಬಾಟ್ಲಿ ಕೂಡೋದು ಅವರ ಬಾಟ್ಲಿ ಪಕ್ಕದಾಗ. ಅವರ ದರ ಇಳಿದ್ರ ನಿನ್ನ ದರದ ಮ್ಯಾಲಿನ ಮಿತೀನೂ ಇಳೀತು. ತೆರಿಗಿ ಇಳಿದಿದ್ದು ಗಿರಾಕಿಗೆ ಹೋತು ಅಂತ ತಿಳಿ, ಅದು ಹಂಗೇ ಆಗಬೇಕಿತ್ತು.

ಮಗಳು: ಹಂಗಾದ್ರ 78 ನನ್ನ ಕೈಗೆ.

ಕಾಕಾ: ಇನ್ನೊಂದು ಅದ. ಹೊಸ ಮಾಲು ಅಂದ ಕೂಡಲೇ ಅಂಗಡಿಯವನು ಸ್ಕೀಮ್ ಕೇಳ್ತಾನ. ಹತ್ತು ತಗೊಂಡ್ರ ಒಂದು ಪುಕ್ಕಟಿ. ಹತ್ತರ ರೊಕ್ಕಕ್ಕ ಹನ್ನೊಂದು ಬಾಟ್ಲಿ ಹೋದ್ರ ಒಂದಕ್ಕ ಬಂದಿದ್ದು 71. ಗಿರಾಕಿ ಕೊಟ್ಟ 120ರಾಗ ನಿನ್ನ ಕೈಗೆ ಮುಟ್ಟಿದ್ದು ಇದು. ಸ್ಕೀಮ್ ಕೊಡೋದಿಲ್ಲ ಅಂತ ನೀ ಎಷ್ಟು ಗಟ್ಟಿ ಇದ್ರೂ ಎರಡನೇ ತಿಂಗಳಿಗೆ ಕೊಡ್ತೀ, ಅದಕ್ಕ ಈಗಲೇ ಹಿಡಿದಿಡು.

ಮಗಳು: 71ರಾಗ 42 ಹೋದ್ರ 29. ಅದೂ ಕಡಿಮಿ ಏನಲ್ಲ.

ಕಾಕಾ: ದರಪಟ್ಟಿ ಕೆಳಗಿನ ಸಾಲು ಓದು.

ಮಗಳು: "ಲೇಬಲ್, ಹೊರಗಿನ ಡಬ್ಬಿ, ಸಾಗಾಣಿಕಿ ಪ್ರತ್ಯೇಕ."

ಕಾಕಾ: ಅದು ಓದಲಿಲ್ಲ ನೀನು. ಲೇಬಲ್‌ಗೆ 2, ಬಣ್ಣದ ಡಬ್ಬಿಗೆ 5, ಡಜನ್ ಗಟ್ಟಲೆ ಹಾಕೋ ಖೋಕಿಗೆ ಬಾಟ್ಲಿಗೆ ಒಂದು ರೂಪಾಯಿ, ಲಾರಿ ಬಾಡಿಗಿ ಹಮಾಲಿ ಕೂಡಿ 2. ಒಟ್ಟು 52. ಇದರ ಮ್ಯಾಲ ಸೋರಿದ್ದು, ಒಡೆದಿದ್ದು, ಸ್ಯಾಂಪಲ್ ಕೊಟ್ಟಿದ್ದು ನೂರಕ್ಕ ಮೂರು ಹಿಡಿ. ಮಾರಾಟಕ್ಕ ಬರೋ ಬಾಟ್ಲಿ ಒಂದರ ಅಸಲು 53 ರೂಪಾಯಿ 50 ಪೈಸಾ ಆತು. ಈಗ 71ರಾಗ ಕಳಿ.

ಮಗಳು: 17 ರೂಪಾಯಿ 50 ಪೈಸಾ.

ಕಾಕಾ: ಇದು ಲಾಭ ಅಲ್ಲ. ಇದರಾಗ ನಿನ್ನ ಫೋನು, ಜಾಹೀರಾತು, ಉದ್ರಿ ಮುಳುಗಿದ್ದು, ಅವಧಿ ಮುಗಿದು ವಾಪಸ್ ಬಂದಿದ್ದು, ಮುಂದ ಒಬ್ಬ ಹುಡುಗನ್ನ ಇಟ್ಟುಕೊಂಡ್ರ ಅವನ ಪಗಾರ ಎಲ್ಲ ಬರಬೇಕು. ನನ್ನ ಅನುಭವದಾಗ, ಕೈಗೆ ಬಂದ ರೊಕ್ಕದಾಗ ನೂರಕ್ಕ ನಲವತ್ತು ಅಸಲಿನ ಮ್ಯಾಲ ಉಳೀಲಿಲ್ಲ ಅಂದ್ರ ಸಣ್ಣ ಬ್ರ್ಯಾಂಡ್ ವರ್ಷ ತುಂಬೋದು ಕಷ್ಟ. 71ರಾಗ ನಲವತ್ತು ಪರ್ಸೆಂಟ್ ಉಳೀಬೇಕಂದ್ರ ಅಸಲು 43ರ ಒಳಗ ಇರಬೇಕು. ನಿನ್ನದು 53 ದಾಟ್ಯದ.

ಮಗಳು: ಅಂದ್ರ ಹತ್ತು ರೂಪಾಯಿ ಎಲ್ಲೋ ಒಂದು ಕಡೆ ತೆಗೀಬೇಕು.

ಕಾಕಾ: ಇಲ್ಲಾ ಎಂಆರ್‌ಪಿ ಏರಿಸಬೇಕು, ಇಲ್ಲಾ ಎರಡೂ ಸ್ವಲ್ಪ ಸ್ವಲ್ಪ. ಮೊದಲು ಆ 42 ಒಡೆದು ನೋಡೋಣ. ಒಳಗ ಏನೇನು ಅದ ಅಂತ ಕೇಳಿದಿ?

ಮಗಳು: ಕೇಳಿದೆ. ಎಣ್ಣಿಗೆ 22, ಬಾಟ್ಲಿ ಮುಚ್ಚಳಕ್ಕ 9, ತುಂಬಿ ಸೀಲ್ ಮಾಡೋದಕ್ಕ 6, ಅವರ ಲಾಭ 5 ಅಂತ ಹೇಳಿದ್ರು. ಕೊಬ್ಬರಿ ಎಣ್ಣಿಯೊಳಗ ಭೃಂಗರಾಜ, ನೆಲ್ಲಿ, ದಾಸವಾಳ ಹಾಕಿ ಕುದಿಸಿದ್ದಂತ.

ಕಾಕಾ: 22 ರೂಪಾಯಿಗೆ ಕೊಬ್ಬರಿ ಎಣ್ಣಿ? ಲೆಕ್ಕ ಹಾಕು. ಫ್ಯಾಕ್ಟರಿಯವರು ಎಣ್ಣಿ ಕೊಳ್ಳೋದು ಕಿಲೋ ಲೆಕ್ಕದಾಗ, ನೀ ಮಾರೋದು ಎಂ.ಎಲ್. ಲೆಕ್ಕದಾಗ. ಕೊಬ್ಬರಿ ಎಣ್ಣಿ ನೀರಿಗಿಂತ ಹಗುರ, 100 ಎಂ.ಎಲ್. ತೂಕ 92 ಗ್ರಾಂ ಹತ್ತಿರ ಬರ್ತದ. 92 ಗ್ರಾಂಗೆ 22 ಅಂದ್ರ ಕಿಲೋಕ್ಕ 240. 2025ರ ಬ್ಯಾಸಿಗಿ, ಮಳಿಗಾಲದಾಗ ಕೊಬ್ಬರಿ ಎಣ್ಣಿ ಕಿಲೋಕ್ಕ 400ರ ಆಸುಪಾಸು ಹೋಗಿತ್ತು. ಆ ದರಕ್ಕ ಬರೇ ಎಣ್ಣಿನೇ 37 ರೂಪಾಯಿ ಆಗ್ತದ.

ಮಗಳು: ಹಂಗಾದ್ರ ಇವರು ಏನು ಹಾಕ್ತಾರ?

ಕಾಕಾ: ಲೈಟ್ ಲಿಕ್ವಿಡ್ ಪ್ಯಾರಾಫಿನ್ ಇರಬಹುದು, ಮಿನರಲ್ ಆಯಿಲ್ ಅಂತಾರಲ್ಲ, ಅದು. ಪೆಟ್ರೋಲಿಯಂನಿಂದ ಬರೋದು. ಬಣ್ಣ ಇಲ್ಲ, ವಾಸನಿ ಇಲ್ಲ, ಕಮಟಾಗೋದಿಲ್ಲ, ಕೊಬ್ಬರಿಗಿಂತ ಭಾಳ ಅಗ್ಗ. ಮಾರ್ಕೆಟ್‌ನಾಗ ಹೆಸರಾದ ಎಷ್ಟೋ ತಲಿಗೆಣ್ಣಿಗೆ ಅದೇ ತಳ. ಹಾಕೋದು ಕಾಯಿದೆ ತಪ್ಪಲ್ಲ. ಹಾಕಿ, ಡಬ್ಬಿ ಮ್ಯಾಲ ಬರೀಲಿಲ್ಲ ಅಂದ್ರ ತಪ್ಪು. ಒಳಗಿನ ಪದಾರ್ಥದ ಪಟ್ಟಿ, ಯಾವುದು ಹೆಚ್ಚು ಅದ ಅದು ಮೊದಲು ಬರೋ ಹಂಗ, ಲೇಬಲ್ ಮ್ಯಾಲ ಇರಬೇಕು. ಆ ಪಟ್ಟಿ ದರ ಮಾತಾಡೋ ಮುಂಚೆ ತರಿಸು.

ಮಗಳು: ಪಟ್ಟಿಯೊಳಗ ಸುಳ್ಳು ಬರೆದ್ರ?

ಕಾಕಾ: ಸ್ಯಾಂಪಲ್ ರಾತ್ರಿ ಫ್ರಿಜ್‌ನಾಗ ಇಡು. ಕೊಬ್ಬರಿ ಎಣ್ಣಿ 24 ಡಿಗ್ರಿ ಕೆಳಗ ಗಟ್ಟಿ ಆಗ್ತದ, ಪ್ಯಾರಾಫಿನ್ ನೀರಾಗೇ ಇರ್ತದ. ಆದ್ರ ಎಳ್ಳೆಣ್ಣಿ ಹಾಕಿದ್ರೂ ನೀರಾಗೇ ಇರ್ತದ. ಹಿಂಗಾಗಿ ಫ್ರಿಜ್ ಹೇಳೋದು ಪೂರ್ತಿ ಕೊಬ್ಬರಿ ಅಲ್ಲ ಅನ್ನೋದಷ್ಟೇ. ಯಾವ ಎಣ್ಣಿ ಎಷ್ಟು ಅಂತ ತಿಳೀಬೇಕಂದ್ರ ಲ್ಯಾಬಿಗೆ ಕಳಿಸಬೇಕು. ಒಂದು ಸಲ ಆ ಖರ್ಚು ಮಾಡು. ಹೆಣ್ಣುಮಕ್ಕಳು ನಿನ್ನ ಮುಖ ನೋಡಿ ತಲಿಗೆ ಹಚ್ಚಿಕೋತಾರ, ಕೊಬ್ಬರಿ ಅಂತ ಹೇಳಿ ಬೇರೆ ಕೊಟ್ರ ಆ ಅಂಗಡಿ ಮುಂದ ನಡೆಯೋದಿಲ್ಲ.

ಮಗಳು: ಪಟ್ಟಿ ಇಲ್ಲೇ ಅದ. ಅರ್ಧಕ್ಕಿಂತ ಕಡಿಮಿ ಕೊಬ್ಬರಿ, ಉಳಿದಿದ್ದು ನೀವು ಹೇಳಿದ್ದೇ. ಇದನ್ನ ಮುಚ್ಚಿಡದೆ ಬರೆದು, ಗಿಡಮೂಲಿಕಿ ಎಣ್ಣಿ ಅಂತ ಮಾರಿದ್ರ ನಡೀತದಲ್ಲ?

ಕಾಕಾ: ನಡೀತದ. ಕೂದಲು ಉದುರೋದು ನಿಲ್ಲಿಸ್ತದ, ಹೊಸ ಕೂದಲು ಬರಿಸ್ತದ ಅಂತ ಮಾತ್ರ ಬರೀಬೇಡ. ಆ ಫ್ಯಾಕ್ಟರಿಗೆ ಕಾಸ್ಮೆಟಿಕ್ ಲೈಸೆನ್ಸ್ ಅದ, ಅಂದ್ರ ಚೆಂದ ಮಾಡೋ ವಸ್ತು ತಯಾರು ಮಾಡೋ ಪರವಾನಗಿ. ರೋಗ ವಾಸಿ ಮಾಡೋ ಮಾತು ಹೇಳಬೇಕಂದ್ರ ಆಯುರ್ವೇದ ಔಷಧ ತಯಾರಿಸೋ ಲೈಸೆನ್ಸ್ ಇದ್ದವರ ಹತ್ತಿರ ಹೋಗಬೇಕು, ಅಲ್ಲಿ ಖರ್ಚು ಬೇರೆ, ದರಾನೂ ಬೇರೆ.

ಮಗಳು: ಮುಂದಿನ ಸಲ ತಗೊಂಡಾಗ ಇದೇ 42ಕ್ಕ ಕೊಡ್ತಾರಾ?

ಕಾಕಾ: ಅದು ಬರೆಸಿಕೋಬೇಕಾದ ಮಾತು. ಕೊಬ್ಬರಿ ದರ ಹೆಂಗ ಕುಣೀತದ ನೋಡು. 2023ರಾಗ ಉಂಡೆ ಕೊಬ್ಬರಿಗೆ ಬೆಂಬಲ ಬೆಲಿ ಕ್ವಿಂಟಲಿಗೆ 11,750 ಇದ್ರೂ ತಿಪಟೂರು ಮಾರ್ಕೆಟ್‌ನಾಗ ಅದಕ್ಕಿಂತ ಕೆಳಗ ಮಾರಿ ರೈತರು ಅತ್ತರು. 2025ರಾಗ ಅದೇ ಮಾರ್ಕೆಟ್‌ನಾಗ 25 ಸಾವಿರ ದಾಟಿತು. ಆ ರೈತರಿಗೆ ಒಳ್ಳೇದಾತು, ಎಣ್ಣಿ ಬ್ರ್ಯಾಂಡ್ ಮಾಡಿದವರಿಗೆ ಉಸಿರು ಹಿಡೀತು. ನಿನ್ನ ಬಾಟ್ಲಿಯೊಳಗ ನೂರಕ್ಕ ನಲವತ್ತು ಕೊಬ್ಬರಿ ಅದ ಅನ್ನು. ಕಿಲೋಕ್ಕ 50 ರೂಪಾಯಿ ಏರಿದ್ರ ಬಾಟ್ಲಿಗೆ ಎರಡು ರೂಪಾಯಿ ಒಳಗ ಏರಬೇಕು. ಫ್ಯಾಕ್ಟರಿಯವರು "ಕೊಬ್ಬರಿ ತುಟ್ಟಿ ಆಗ್ಯದ" ಅಂತ 6 ರೂಪಾಯಿ ಏರಿಸಿದ್ರ ನೀ ಈ ಲೆಕ್ಕ ಎದುರಿಗೆ ಇಡಬೇಕು. ಅದಕ್ಕೇ ಎಣ್ಣಿಗೆಷ್ಟು, ಬಾಟ್ಲಿಗೆಷ್ಟು, ಕೂಲಿಗೆಷ್ಟು ಅಂತ ಒಡೆದು ಬರೆಸಿಕೋ. ಎಣ್ಣಿ ದರ ಬದಲಾದ್ರ ಎಣ್ಣಿ ಸಾಲು ಮಾತ್ರ ಬದಲಾಗಬೇಕು, ಉಳಿದ 20 ರೂಪಾಯಿ ಒಂದು ವರ್ಷ ಹಂಗೇ ಇರಬೇಕು.

ಮಗಳು: ದರ ಏರಿದ್ರ ಎಂಆರ್‌ಪಿ ಮ್ಯಾಲ ಸ್ಟಿಕ್ಕರ್ ಹಚ್ಚಿ ಏರಿಸಬಹುದಾ?

ಕಾಕಾ: ಆಗೋದಿಲ್ಲ. ಇಳಿಸಾಕ ಸ್ಟಿಕ್ಕರ್ ಹಚ್ಚಬಹುದು, ಅದೂ ಹಳೇ ದರ ಮುಚ್ಚದ ಹಂಗ. ಏರಿಸಾಕ ಬರೋದಿಲ್ಲ. ಅದಕ್ಕ ಲೇಬಲ್ ಪ್ರೆಸ್‌ನಾಗ ಎಂಆರ್‌ಪಿ ಅಚ್ಚು ಹಾಕಿಸಬೇಡ. ಜಾಗ ಖಾಲಿ ಬಿಡಿಸು. ಫ್ಯಾಕ್ಟರಿಯೊಳಗ ಎಣ್ಣಿ ತುಂಬೋವಾಗ ಬ್ಯಾಚ್ ನಂಬರು, ತಯಾರಾದ ತಿಂಗಳು ಹೊಡೀತಾರಲ್ಲ, ಆ ಇಂಕ್‌ಜೆಟ್‌ನಾಗೇ ಎಂಆರ್‌ಪಿ ಹೊಡೆಸು. ಜೊತಿಗೆ ಒಂದು ಎಂ.ಎಲ್.ಗೆ ಎಷ್ಟು ಬೀಳ್ತದ ಅನ್ನೋದೂ ಬರಬೇಕು, ಈಗ ಅದು ಕಡ್ಡಾಯ. ಲೇಬಲ್ ಎರಡು ಸಾವಿರ ಒಮ್ಮೆಗೇ ಹಾಕಿಸಿದ್ರ ಅಗ್ಗ, ಆದ್ರ ಅದರ ಮ್ಯಾಲ 120 ಅಂತ ಅಚ್ಚಾಗಿದ್ರ ಎರಡನೇ ಸಾವಿರ ರದ್ದಿಗೆ ಹೋಗ್ತದ.

ಮಗಳು: ನಮ್ಮ ಊರಾಗ ಮಂದಿ ಸಣ್ಣದು ಕೇಳ್ತಾರ ಕಾಕಾ. 50 ಎಂ.ಎಲ್. ಮಾಡಿ 60 ರೂಪಾಯಿಗೆ ಕೊಟ್ರ ಹೆಂಗ?

ಕಾಕಾ: ಕೇಳ್ತಾರ, ಖರೆ. ಮಾಡಿದ್ರ ಏನಾಗ್ತದ ನೋಡು. ಎಣ್ಣಿ ಅರ್ಧ ಆಗ್ತದ, 22 ಇದ್ದದ್ದು 11. ಬಾಟ್ಲಿ ಅರ್ಧ ಆಗೋದಿಲ್ಲ, ಮುಚ್ಚಳ ಅಷ್ಟೇ, ಸೀಲ್ ಅಷ್ಟೇ, ತುಂಬೋ ಕೂಲಿ ಅಷ್ಟೇ, ಲೇಬಲ್ ಹತ್ತಿರ ಹತ್ತಿರ ಅಷ್ಟೇ. ಎಣ್ಣಿ ಬಿಟ್ಟು ಉಳಿದಿದ್ದು 100 ಎಂ.ಎಲ್.ಗೆ 30 ಇದ್ರ ಇದಕ್ಕ 25 ಆದ್ರೂ ಆಗ್ತದ. ಒಟ್ಟು 36. ಈಗ 60ರಿಂದ ಇಳಿ. ಅಂಗಡಿಗೆ 45, ಏಜೆನ್ಸಿಗೆ 41, ಜಿಎಸ್‌ಟಿ ತೆಗೆದು 39, ಸ್ಕೀಮ್ ತೆಗೆದು 35 ರೂಪಾಯಿ 50 ಪೈಸಾ.

ಮಗಳು: ಮಾರಿದಷ್ಟೂ ಕೈಯಿಂದ ಹೋಗ್ತದ!

ಕಾಕಾ: ದೊಡ್ಡ ಕಂಪನಿ ಸಣ್ಣ ಪ್ಯಾಕ್ ಮಾರ್ತದ ಅಂದ್ರ ಅದು ಲಕ್ಷಗಟ್ಟಲೆ ಬಾಟ್ಲಿ ಒಮ್ಮೆಗೇ ಊದಿಸ್ತದ, ಮಷೀನಿನ್ಯಾಗ ತುಂಬಿಸ್ತದ. ಸಾವಿರ ಬಾಟ್ಲಿ ಮಾಡೋರು ಅದನ್ನ ನೋಡಿ ಮಾಡಬಾರದು. ನಿನಗ ಇರೋದು 100, ಮುಂದ ಬ್ಯೂಟಿ ಪಾರ್ಲರಿಗೆ ಅರ್ಧ ಲೀಟರ್.

ಮಗಳು: ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಮಂದಿ ಆದಿವಾಸಿ ಹೇರ್ ಆಯಿಲ್ ಅಂತ ಫೋನ್ ಮ್ಯಾಲೇ ದೇಶಕ್ಕೆಲ್ಲ ಮಾರ್ತಾರ. ದರಾನೂ ದೊಡ್ಡದು. ನಾನೂ ಹಂಗ ಮಾರಿದ್ರ ಅಂಗಡಿಯವನಿಗೆ, ಏಜೆನ್ಸಿಗೆ ಕೊಡೋದು ತಪ್ಪತದ.

ಕಾಕಾ: ಅವರ ಲೆಕ್ಕ ಬೇರೆ. ಎಣ್ಣಿ ಅವರೇ ಕಾಯಿಸ್ತಾರ, ಮಾರೋದು ನೇರ ಗಿರಾಕಿಗೆ, ಮಾಡಿದವರು ಯಾರು ಅನ್ನೋದೇ ಅವರ ಎಣ್ಣಿಯ ಹೆಸರು. ನೀ ಬೇರೆಯವರ ಹತ್ತಿರ ಮಾಡಿಸಿದ ಎಣ್ಣಿಗೆ ಆ ದರ ಯಾರು ಕೊಡ್ತಾರ? ಇನ್ನ ಕೊರಿಯರ್ ನೋಡು. ಕೊರಿಯರಿನವರು ಕನಿಷ್ಠ ತೂಕ ಅಂತ ಅರ್ಧ ಕಿಲೋ ಹಿಡೀತಾರ. ಒಂದು ಸಣ್ಣ ಬಾಟ್ಲಿ ಕಳಿಸಿದ್ರೂ ಅಷ್ಟೇ ಬಾಡಿಗಿ. 120 ರೂಪಾಯಿ ಮಾಲಿಗೆ ಅದು ಅಂಗಡಿಯವನ 30ಕ್ಕಿಂತ ಎರಡು ಪಟ್ಟು ಆಗ್ತದ. ಮನಿ ಬಾಗಿಲಿಗೆ ಬಂದಾಗ ರೊಕ್ಕ ಕೊಡ್ತೀನಿ ಅಂದವರು ಒಬ್ಬರು ವಾಪಸ್ ಕಳಿಸಿದ್ರ ಹೋಗಿ ಬರೋ ಎರಡೂ ಬಾಡಿಗಿ ನಿನ್ನ ತಲಿ ಮ್ಯಾಲ. ಫೋನ್‌ನಾಗ ಮಾರೋರು ದೊಡ್ಡ ಬಾಟ್ಲಿನೇ ಮಾರೋದು ಇದಕ್ಕೇ.

ಮಗಳು: ನನ್ನ ಅಂಗಡಿಯೊಳಗ ಮಾರಿದ್ದು? ಅಲ್ಲಿ 120 ಪೂರ್ತಿ ನನಗೇ ಅಲ್ಲ?

ಕಾಕಾ: ಜಿಎಸ್‌ಟಿ ತೆಗೆದು 114. ಅದರಾಗ ಅಂಗಡಿ ಪಾಲು 25 ಪರ್ಸೆಂಟ್ ಅಂಗಡಿ ಪುಸ್ತಕದಾಗ ಬರಿ, ಎಣ್ಣಿ ಪುಸ್ತಕದಾಗ ಬರೀಬೇಡ. ಆ ಜಾಗದಾಗ ಬೇರೆ ಕಂಪನಿ ಎಣ್ಣಿ ಇಟ್ಟಿದ್ರೂ ಅಂಗಡಿಗೆ ಏನೋ ಬರ್ತಿತ್ತಲ್ಲ. ಎರಡೂ ಕೂಡಿಸಿದ್ರ ಎಣ್ಣಿ ಬ್ರ್ಯಾಂಡ್ ಗೆದ್ದದ ಅಂತ ಕಾಣ್ತದ, ಖರೆ ಅಂದ್ರ ಗೆದ್ದಿದ್ದು ನಿನ್ನ ಅಂಗಡಿ. ಇನ್ನೊಂದು, ನಿನ್ನ ಅಂಗಡಿಯೊಳಗ 100ಕ್ಕ ಕೊಟ್ಟು ಕವಿತಾಳದವನಿಗೆ 120ಕ್ಕ ಮಾರು ಅಂದ್ರ ಅವನು ಮರುದಿನನೇ ಮಾಲು ವಾಪಸ್ ಕೊಡ್ತಾನ.

ಮಗಳು: ಹಂಗಾದ್ರ ಈಗ ಎಂಆರ್‌ಪಿ ಎಷ್ಟು ಇಡಲಿ? 150?

ಕಾಕಾ: 150 ಇಟ್ರ ಲೆಕ್ಕ ಕೂಡ್ತದ. ಅಂಗಡಿಗೆ 112, ಏಜೆನ್ಸಿಗೆ 102, ಜಿಎಸ್‌ಟಿ ತೆಗೆದು 97, ಸ್ಕೀಮ್ ತೆಗೆದು 88. ಅದರ ಅರವತ್ತು ಪರ್ಸೆಂಟ್ 53. ಈಗಿನ ಅಸಲು ಅಷ್ಟೇ ಅದ. ಆದ್ರ 100 ಎಂ.ಎಲ್.ಗೆ 150 ಕೊಡೋರು ಲಿಂಗಸುಗೂರಿನಾಗ ಸಿಗಬಹುದು, ಕಾಲುವಿ ನೀರಿನ ಸಿಂಧನೂರಿನಾಗ ಸಿಗಬಹುದು. ಪಾಮನಕಲ್ಲೂರು 5ಎ ಕಾಲುವಿಗೆ ಹೋರಾಟ ಮಾಡಿದ ಊರು, ಮಳಿ ನಂಬಿದ ಭೂಮಿ. ಹತ್ತಿ, ತೊಗರಿ ಮಾರಿದ ಮ್ಯಾಲ ಕೈಯಾಗ ರೊಕ್ಕ. ಇಲ್ಲಿಯ ಹೆಣ್ಣುಮಕ್ಕಳಿಗೆ 150 ಭಾರ ಆಗ್ತದ, ಅವರನ್ನ ಬಿಟ್ಟು ಈ ಎಣ್ಣಿ ಮಾರೋದಾದ್ರ ಇಲ್ಲಿಂದ ಯಾಕ ಶುರು ಮಾಡಬೇಕು?

ಮಗಳು: ಡಬ್ಬಿ ತೆಗೆದ್ರ? ಬಾಟ್ಲಿ ಹಂಗೇ ಇಟ್ರ 5 ರೂಪಾಯಿ ಉಳೀತದ.

ಕಾಕಾ: ಇದು ಸರಿಯಾದ ಜಾಗ. ಅಸಲು 48 ರೂಪಾಯಿ 50 ಪೈಸಾಕ್ಕ ಇಳೀತದ. ಎಂಆರ್‌ಪಿ 135 ಇಟ್ಟು ಇಳಿ. ಅಂಗಡಿಗೆ 101, ಏಜೆನ್ಸಿಗೆ 92, ಜಿಎಸ್‌ಟಿ ತೆಗೆದು 87 ರೂಪಾಯಿ 70 ಪೈಸಾ, ಸ್ಕೀಮ್ ತೆಗೆದು 79 ರೂಪಾಯಿ 70 ಪೈಸಾ. ಉಳಿದಿದ್ದು 31 ರೂಪಾಯಿ. ನಲವತ್ತಕ್ಕ ಒಂದು ಪರ್ಸೆಂಟ್ ಕಡಿಮಿ, ನಡೀತದ.

ಮಗಳು: ಡಬ್ಬಿ ಇಲ್ಲ ಅಂದ್ರ ಸೋರಿದ್ದು ಬೇಗ ಕಾಣ್ತದ.

ಕಾಕಾ: ಸೋರಬಾರದು. ನಮ್ಮ ರಾಯಚೂರು ಬಿಸಿಲಾಗ ಲಾರಿ ಒಳಗ ಕೂತ ಎಣ್ಣಿ ಹಿಗ್ಗತದ, ಸಡಿಲ ಮುಚ್ಚಳ ಬಿಡ್ತದ. ಮುಚ್ಚಳದ ಕೆಳಗ ಬಾಟ್ಲಿ ಬಾಯಿಗೆ ಫಾಯಿಲ್ ಅಂಟಿಸಿ ಸೀಲ್ ಮಾಡ್ತಾರ, ಅದು ಆ 6 ರೂಪಾಯಿಯೊಳಗ ಅದನೋ ಇಲ್ಲೋ ಕೇಳು. ಸ್ಯಾಂಪಲ್ ಒಂದು ಡಜನ್ ತರಿಸಿ ತಲಿಕೆಳಗ ಮಾಡಿ ಮಧ್ಯಾಹ್ನದ ಬಿಸಿಲಾಗ ಕಾಗದದ ಮ್ಯಾಲ ಇಡು. ಕಾಗದಕ್ಕ ಒಂದು ಕಲೆ ಬಿದ್ರೂ ಆರ್ಡರ್ ಕೊಡಬೇಡ. ನೂರಕ್ಕ ಮೂರು ಅಂತ ಹಿಡಿದಿದ್ದು ಹತ್ತು ಆದ್ರ ನಾವು ಡಬ್ಬಿ ತೆಗೆದು ಉಳಿಸಿದ ರೊಕ್ಕದಾಗ ಬಹುಪಾಲು ಅಲ್ಲೇ ಹೋಗ್ತದ.

ಮಗಳು: ಎರಡು ಸಾವಿರ ಬಾಟ್ಲಿ ತಗೊಂಡ್ರ 38ಕ್ಕ ಕೊಡ್ತೀನಿ ಅಂತಾರ. ಸಂಘದಾಗ 80 ಸಾವಿರ ಸಾಲ ಸಿಗ್ತದ.

ಕಾಕಾ: ಬ್ಯಾಡ. ಸಾವಿರ ಬಾಟ್ಲಿಗೆ ಎಲ್ಲ ಕೂಡಿ 47 ಸಾವಿರ. ಒಂದೇ ಸಲದ ಖರ್ಚು ಬೇರೆ ಅವ. ಲೇಬಲ್ ಡಿಸೈನ್, ಲ್ಯಾಬ್ ಪರೀಕ್ಷಿ, ಸ್ಯಾಂಪಲ್, ನಿನ್ನ ಹೆಸರು ಟ್ರೇಡ್‌ಮಾರ್ಕ್ ಮಾಡಿಸೋದು. ಟ್ರೇಡ್‌ಮಾರ್ಕ್ ಒಬ್ಬ ವ್ಯಕ್ತಿ ಆನ್‌ಲೈನ್‌ನಾಗ ಅರ್ಜಿ ಹಾಕಿದ್ರ ಒಂದು ವರ್ಗಕ್ಕ ಸರ್ಕಾರಿ ಫೀ 4,500, ತಲಿಗೆಣ್ಣಿ ಬರೋದು 3ನೇ ವರ್ಗದಾಗ. ಅದು ನಿನ್ನ ಹೆಸರಿಗೇ ಇರಬೇಕು, ಫ್ಯಾಕ್ಟರಿ ಹೆಸರಿಗಲ್ಲ. ಇದೆಲ್ಲ 20 ಸಾವಿರ ಹಿಡಿ. 67 ಸಾವಿರ ಆತು, ಜಿಎಸ್‌ಟಿ ಕೂಡಿದ್ರ 70ರ ಹತ್ತಿರ. ಅರ್ಧ ರೊಕ್ಕ ಆರ್ಡರ್ ಕೊಡೋವಾಗ, ಉಳಿದಿದ್ದು ಮಾಲು ಎತ್ತೋ ಮುಂಚೆ. ಫ್ಯಾಕ್ಟರಿಯವರು ಒಂದು ದಿನ ಉದ್ರಿ ಕೊಡೋದಿಲ್ಲ.

ಮಗಳು: ಅಂಗಡಿಯವರು ಉದ್ರಿ ಕೇಳ್ತಾರ.

ಕಾಕಾ: ಒಂದೂವರೆ ತಿಂಗಳು ಅಂತ ಹೇಳಿ ತಗೋತಾರ, ಬೆಳಿ ಮಾರೋ ತನಕ ಎಳೀತಾರ, ಯಾಕಂದ್ರ ಅವರ ಗಿರಾಕಿನೂ ಅವರಿಗೆ ಹಂಗೇ ಮಾಡ್ತಾರ. ಈಗ ನೋಡು, ಮಾಲು ತಯಾರಾಗಾಕ ಮೂರು ನಾಲ್ಕು ವಾರ. 300 ಬಾಟ್ಲಿ ಉಳಿದಾಗಲೇ ಎರಡನೇ ಆರ್ಡರ್ ಕೊಡಬೇಕು, ಇಲ್ಲಾ ಅಂಗಡಿಯೊಳಗ ನಿನ್ನ ಜಾಗ ಖಾಲಿ ಬಿದ್ದು ಬೇರೆಯವರು ಕೂಡ್ತಾರ. ಆ ಹೊತ್ತಿಗೆ ಮೊದಲಿನ ರೊಕ್ಕ ಅರ್ಧ ಅಂಗಡಿಯೊಳಗೇ ಇರ್ತದ. ಅಂದ್ರ ಸಾವಿರ ಬಾಟ್ಲಿ ವ್ಯವಹಾರಕ್ಕ 70 ಸಾವಿರ ಸಾಲೋದಿಲ್ಲ, ಲಕ್ಷದ ಮ್ಯಾಲ ಬೇಕು. ಎರಡು ಸಾವಿರ ಬಾಟ್ಲಿ ತಗೊಂಡ್ರ 80 ಸಾವಿರ ಪೂರ್ತಿ ಎಣ್ಣಿಯೊಳಗ ಮುಳುಗಿ, ಅದೂ ಸಾಲದೆ, ಡಿಸೈನಿಗೂ ಕೈಯಾಗ ಏನೂ ಇರೋದಿಲ್ಲ. ಬಾಟ್ಲಿಗೆ 4 ರೂಪಾಯಿ ಉಳಿಸಾಕ ಹೋಗಿ ಅಂಗಡಿ ಅಡಗಿ ಮನಿ ಎರಡರ ರೊಕ್ಕಾನೂ ಕಟ್ಟಿಹಾಕ್ತೀ.

ಮಗಳು: ಮೊದಲ ಸಾವಿರದಾಗ ನನಗ ಏನು ಉಳೀತದ?

ಕಾಕಾ: ಸೋರಿದ್ದು, ಒಡೆದಿದ್ದು ಬಿಟ್ಟು ಮಾರಾಟಕ್ಕ ಬರೋದು 970, ಬಾಟ್ಲಿಗೆ 31 ಅಂದ್ರ 30 ಸಾವಿರ. ಒಂದೇ ಸಲದ 20 ಸಾವಿರ ಕಳಿ, 10 ಸಾವಿರ. ಅದರಾಗ ಜಾಹೀರಾತು, ಮುಳುಗಿದ ಉದ್ರಿ ಕಳಿ. ಮೊದಲ ಸಾವಿರದಾಗ ಸಮ ಆದ್ರ ಸಾಕು, ಲಾಭ ಕಾಣೋದು ಎರಡನೇದರಿಂದ. ಆದ್ರ ಮೊದಲ ಸಾವಿರ ಒಂದು ವಿಷಯ ಹೇಳ್ತದ. ಒಮ್ಮೆ ತಗೊಂಡಾಕಿ ಎರಡನೇ ಸಲ ತನ್ನಷ್ಟಕ್ಕ ಬಂದು ಅದೇ ಎಣ್ಣಿ ಕೇಳಿದಳೋ ಇಲ್ಲೋ. ಅದನ್ನ ನಿನ್ನ ಅಂಗಡಿಯೊಳಗೇ ಹೆಸರು ಬರೆದು ಎಣಿಸಬಹುದು. ಸ್ಕೀಮ್ ಕೊಟ್ಟು ಅಂಗಡಿಗೆ ತುಂಬಿದ್ದು ಮಾರಾಟ ಅಲ್ಲ, ಅಂಗಡಿಯಿಂದ ಮನಿಗೆ ಹೋದದ್ದು ಮಾರಾಟ.

ಮಗಳು: ಹಂಗಾದ್ರ ನಾಳೆ ಫ್ಯಾಕ್ಟರಿಗೆ ಏನಂತ ಬರೀಲಿ?

ಕಾಕಾ: ಸಾವಿರ ಬಾಟ್ಲಿ, ಡಬ್ಬಿ ಇಲ್ಲ, ಫಾಯಿಲ್ ಸೀಲ್ ಬೇಕು, ಎಣ್ಣಿ ದರ ಬೇರೆ ಸಾಲಿನಾಗ ಇರಲಿ, ಲೈಸೆನ್ಸ್ ಪ್ರತಿ ಕಳಿಸ್ರಿ, ಎಂಆರ್‌ಪಿ 135 ಇಂಕ್‌ಜೆಟ್‌ನಾಗ ಹೊಡೀರಿ ಅಂತ ಬರಿ. ಸಂಘದ ಸಾಲದಾಗ 70 ತಗೋ, ಉಳಿದ 10 ಮುಟ್ಟಬೇಡ. ಎರಡನೇ ಆರ್ಡರಿಗೆ ಕಡಿಮಿ ಬಿದ್ದದ್ದು ನಾನು ಕೊಡ್ತೀನಿ, ಆದ್ರ ಉದ್ರಿ ಪುಸ್ತಕ ನನಗ ತೋರಿಸಿದ ಮ್ಯಾಲ.